ಚುಕ್ಕೆಗಳಲ್ಲಿ ಇಲ್ಲದ ಚಿಹ್ನೆ

1928ರಲ್ಲಿ ಸ್ಕಾಟ್ಲೆಂಡಿನ ಗ್ರೇಂಜ್‌ಮೌತ್ ಎಂಬಲ್ಲಿನ ಬಣ್ಣದ ಕಾರ್ಖಾನೆಯಲ್ಲಿ ಥ್ಯಾಲಿಮೈಡ್ ಎಂಬ ಬಿಳಿ ಪದಾರ್ಥ ತಯಾರಾಗುತ್ತಿತ್ತು. ಅದನ್ನು ಕಾಯಿಸುವ ಕಬ್ಬಿಣದ ಪಾತ್ರೆಗೆ ಒಳಗಡೆ ಗಾಜಿನ ಲೇಪವಿತ್ತು. ಲೇಪ ಬಿರುಕು ಬಿಟ್ಟಿದ್ದರಿಂದ ಸರಕು ಕಬ್ಬಿಣಕ್ಕೆ ತಾಗಿ, ಬಿಳಿಯ ನಡುವೆ ಗಾಢ ನೀಲಿ ಕಲ್ಮಷ ಕಾಣಿಸಿತು. ಆ ಕಲ್ಮಷ ಆಮ್ಲಕ್ಕೂ ಜಗ್ಗಲಿಲ್ಲ, ಕಾಯಿಸಿದರೂ ಹಾಳಾಗಲಿಲ್ಲ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ರಸಾಯನ ವಿಜ್ಞಾನಿ ಲಿನ್‌ಸ್ಟೆಡ್ ಅದಕ್ಕೆ ಥ್ಯಾಲೋಸಯನೀನ್ ಎಂದು ಹೆಸರಿಟ್ಟು, ಅದರ ಅಣು ಹೇಗಿರಬಹುದೆಂದು ಊಹಿಸಿದರು. ಇಂಗಾಲ ಮತ್ತು ಸಾರಜನಕದ ದೊಡ್ಡದೊಂದು ಉಂಗುರ, ಅದರ ನಟ್ಟನಡುವೆ ಒಂದು ಲೋಹದ ಪರಮಾಣು. ಲೋಹವಿಲ್ಲದ ಬಗೆಯಲ್ಲಿ ಆ ಜಾಗದಲ್ಲಿ ಎರಡು ಹೈಡ್ರೋಜನ್.

ಊಹೆ ಸರಿಯೇ ಎಂದು ನೋಡುವ ಕೆಲಸ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿದ್ದ ಜೆ. ಮಾಂಟೀತ್ ರಾಬರ್ಟ್‌ಸನ್ ಅವರ ಪಾಲಿಗೆ ಬಂತು. ಅವರ ಕೈಯಲ್ಲಿದ್ದದ್ದು ನೀಲಿ ಹರಳುಗಳು, ಎಕ್ಸ್-ಕಿರಣದ ಕೊಳವೆ ಮತ್ತು ಫೋಟೋ ಫಿಲ್ಮು. ಹರಳಿನ ಮೇಲೆ ಎಕ್ಸ್-ಕಿರಣ ಹಾಯಿಸಿದರೆ ಫಿಲ್ಮಿನ ಮೇಲೆ ನೂರಾರು ಚುಕ್ಕೆಗಳು ಮೂಡುತ್ತವೆ ಎಂಬುದು 1912ರಲ್ಲೇ ಗೊತ್ತಾಗಿತ್ತು. ಆದರೆ ಆ ಚುಕ್ಕೆಗಳಿಂದ ಅಣುವಿನ ಚಿತ್ರಕ್ಕೆ ಹೋಗುವ ದಾರಿಯಲ್ಲಿ ದೊಡ್ಡದೊಂದು ಕಂದಕವಿತ್ತು. ಹರಳು ವಿಜ್ಞಾನಿಗಳು ಅದನ್ನು ಫೇಸ್ ಸಮಸ್ಯೆ ಎನ್ನುತ್ತಾರೆ.

ಹರಳಿನಲ್ಲಿ ಒಂದೇ ಬಗೆಯ ಪುಟ್ಟ ಕೋಶ ಮೂರೂ ದಿಕ್ಕಿಗೆ ಸಾಲಾಗಿ ಮರುಕಳಿಸುತ್ತದೆ. ಕೋಶದೊಳಗೆ ಪರಮಾಣು ಇರುವ ಕಡೆ ಎಲೆಕ್ಟ್ರಾನುಗಳು ದಟ್ಟ, ಉಳಿದ ಕಡೆ ವಿರಳ. ಹೀಗೆ ಮರುಕಳಿಸುವ ಯಾವುದೇ ಏರಿಳಿತವನ್ನು ಬೇರೆ ಬೇರೆ ಅಳತೆಯ ಸರಳ ಅಲೆಗಳ ಮೊತ್ತವಾಗಿ ಬರೆಯಬಹುದು ಎಂಬುದು ಫೂರಿಯೆ ಗಣಿತ. ಒಂದು ಅಲೆ ಕೋಶದಲ್ಲಿ ಎರಡು ಸಲ ಏರಿಳಿಯುತ್ತದೆ, ಇನ್ನೊಂದು ಮೂರು ಸಲ, ಮತ್ತೊಂದು ಐದು ಸಲ. ಫಿಲ್ಮಿನ ಒಂದೊಂದು ಚುಕ್ಕೆಯೂ ಇಂಥ ಒಂದು ಅಲೆಗೆ ಸೇರಿದ್ದು. ಚುಕ್ಕೆ ಎಲ್ಲಿ ಬಿದ್ದಿದೆ ಎನ್ನುವುದರಿಂದ ಆ ಅಲೆ ಯಾವ ದಿಕ್ಕಿನದು, ಎಷ್ಟು ಸಲ ಏರಿಳಿಯುತ್ತದೆ ಎಂದು ತಿಳಿಯುತ್ತದೆ. ಚುಕ್ಕೆ ಎಷ್ಟು ಕಪ್ಪಾಗಿದೆ ಎನ್ನುವುದರಿಂದ ಅಲೆಯ ಎತ್ತರ ತಿಳಿಯುತ್ತದೆ. ಆ ಅಲೆಯ ಶಿಖರ ಕೋಶದಲ್ಲಿ ಎಲ್ಲಿ ನಿಂತಿದೆ ಎನ್ನುವುದು ಮಾತ್ರ ತಿಳಿಯುವುದಿಲ್ಲ. ಶಿಖರದ ಈ ನೆಲೆಯೇ ಫೇಸ್.

ತಿಳಿಯದಿರುವುದಕ್ಕೆ ಕಾರಣ ಸರಳ. ಫಿಲ್ಮಾಗಲಿ ಇಂದಿನ ಡಿಟೆಕ್ಟರಾಗಲಿ ಬಂದು ಬೀಳುವ ಕಿರಣದ ತೀವ್ರತೆಯನ್ನಷ್ಟೇ ಅಳೆಯುತ್ತದೆ, ತೀವ್ರತೆ ಎಂದರೆ ಎತ್ತರದ ವರ್ಗ. ತಾಮ್ರದ ಕೊಳವೆಯಿಂದ ಬರುವ ಎಕ್ಸ್-ಕಿರಣ ಸೆಕೆಂಡಿಗೆ ಸುಮಾರು 20 ಸಾವಿರ ಕೋಟಿ ಕೋಟಿ ಸಲ ಕಂಪಿಸುತ್ತದೆ. ಆ ಕಂಪನದ ಏರಿಳಿತವನ್ನು ಹಿಂಬಾಲಿಸುವ ಉಪಕರಣ ಇಲ್ಲ. ಬೆಳಕಾಗಿದ್ದರೆ ಸೂಕ್ಷ್ಮದರ್ಶಕದ ಮಸೂರವೇ ಚದುರಿದ ಅಲೆಗಳನ್ನು ಅವುಗಳ ಫೇಸ್ ಸಮೇತ ಮತ್ತೆ ಕೂಡಿಸಿ ಚಿತ್ರ ಕೊಡುತ್ತಿತ್ತು. ಪರಮಾಣುಗಳನ್ನು ಬಿಡಿಬಿಡಿಯಾಗಿ ತೋರಿಸುವಂಥ ಮಸೂರ ಎಕ್ಸ್-ಕಿರಣಕ್ಕೆ ಇಲ್ಲ. ಮಸೂರದ ಕೆಲಸವನ್ನು ಲೆಕ್ಕದಿಂದ ಮಾಡಬೇಕು, ಲೆಕ್ಕಕ್ಕೆ ಬೇಕಾದ ಅರ್ಧ ಸಂಗತಿ ಅಳತೆಯಲ್ಲಿ ಬಂದೇ ಇರುವುದಿಲ್ಲ.

ಕಳೆದದ್ದು ಅರ್ಧ ಎಂದರೂ ತೂಕದಲ್ಲಿ ಅದೇ ಹೆಚ್ಚು. 1961ರಲ್ಲಿ ಜಿ.ಎನ್. ರಾಮಚಂದ್ರನ್ ಮತ್ತು ಆರ್. ಶ್ರೀನಿವಾಸನ್ ಅವರು ನೇಚರ್ ಪತ್ರಿಕೆಯಲ್ಲಿ ಒಂದು ವಿಚಿತ್ರ ತೋರಿಸಿದರು. ಒಂದು ರಚನೆಯ ಅಲೆಗಳ ಎತ್ತರವನ್ನು ತೆಗೆದುಕೊಂಡು, ಬೇರೊಂದು ರಚನೆಯ ಫೇಸುಗಳನ್ನು ಅವಕ್ಕೆ ಜೋಡಿಸಿ ಕೂಡಿಸಿದರೆ ಬರುವ ಚಿತ್ರ ಎತ್ತರ ಕೊಟ್ಟ ರಚನೆಯದಲ್ಲ, ಫೇಸ್ ಕೊಟ್ಟ ರಚನೆಯದು. ಅಂದರೆ ಫೇಸುಗಳನ್ನು ಮನಸ್ಸಿಗೆ ಬಂದಂತೆ ಹಾಕಿಕೊಂಡರೆ ಎಷ್ಟೇ ನಿಖರವಾಗಿ ಅಳೆದ ತೀವ್ರತೆಗಳೂ ನಮ್ಮನ್ನು ಕಾಪಾಡುವುದಿಲ್ಲ.

ರಾಬರ್ಟ್‌ಸನ್ ಅವರಿಗೆ ಒಂದು ಅನುಕೂಲವಿತ್ತು. ಥ್ಯಾಲೋಸಯನೀನ್ ಹರಳಿಗೆ ಸಮ್ಮಿತಿ ಕೇಂದ್ರವಿದೆ. ಆ ಬಿಂದುವಿನ ಒಂದು ಬದಿಯಲ್ಲಿ ಏನಿದೆಯೋ ಅದೇ ಎದುರು ಬದಿಯಲ್ಲಿ ಅಷ್ಟೇ ದೂರದಲ್ಲಿರುತ್ತದೆ. ಇಂಥ ಹರಳಿನಲ್ಲಿ ಅಲೆಯ ಶಿಖರ ಎಲ್ಲೆಂದರಲ್ಲಿ ನಿಲ್ಲಲಾರದು. ಕೇಂದ್ರದ ಮೇಲೆ ಒಂದೋ ಶಿಖರ, ಇಲ್ಲವೇ ಕಣಿವೆ. ಫೇಸ್ ಎನ್ನುವುದು ಬರಿಯ ಒಂದು ಚಿಹ್ನೆಯಾಗುತ್ತದೆ: ಶಿಖರವಾದರೆ ಪ್ಲಸ್, ಕಣಿವೆಯಾದರೆ ಮೈನಸ್. ಎತ್ತರ 20 ಆದರೂ ಮೈನಸ್ 20 ಆದರೂ ವರ್ಗ 400 ಆಗುವುದರಿಂದ ಚಿಹ್ನೆ ಫಿಲ್ಮಿನಲ್ಲಿ ಉಳಿಯುವುದಿಲ್ಲ. ಒಂದೊಂದು ಚುಕ್ಕೆಗೆ ಎರಡೇ ಆಯ್ಕೆ ಎಂದರೆ ಸುಲಭ ಅನ್ನಿಸಬಹುದು. ನೂರು ಚುಕ್ಕೆಗಳಿದ್ದರೆ ಚಿಹ್ನೆ ಹಾಕುವ ಬಗೆಗಳ ಸಂಖ್ಯೆಗೆ 31 ಅಂಕಿಗಳು ಬೇಕು. ಒಂದೊಂದನ್ನೇ ಹಾಕಿ ನೋಡುವ ಮಾತಿಲ್ಲ.

ಅವರು ಹಿಡಿದ ಉಪಾಯ ನಡುವಿನ ಲೋಹವನ್ನು ಬಳಸಿಕೊಳ್ಳುವುದು. ಲೋಹವಿಲ್ಲದ ಥ್ಯಾಲೋಸಯನೀನ್ ಮತ್ತು ನಿಕ್ಕಲ್ ಇರುವ ಥ್ಯಾಲೋಸಯನೀನ್ ಎರಡರ ಹರಳುಗಳೂ ಹೆಚ್ಚುಕಡಿಮೆ ಒಂದೇ ಅಳತೆಯ ಕೋಶಗಳಲ್ಲಿ, ಒಂದೇ ಜೋಡಣೆಯಲ್ಲಿ ಕಟ್ಟಿಕೊಳ್ಳುತ್ತವೆ. ಕೋಶದಲ್ಲಿ ಎರಡೇ ಅಣುಗಳಿವೆ, ಆದರೆ ಆ ಬಗೆಯ ಸಮ್ಮಿತಿ ನಾಲ್ಕು ಸಮಾನ ನೆಲೆಗಳನ್ನು ಕೇಳುತ್ತದೆ. ಈ ಲೆಕ್ಕ ಕೂಡಬೇಕಾದರೆ ಪ್ರತಿ ಅಣುವೂ ಸಮ್ಮಿತಿ ಕೇಂದ್ರದ ಮೇಲೆಯೇ ಕುಳಿತಿರಬೇಕು, ಅಣುವಿಗೊಂದೇ ಇರುವ ಲೋಹ ಸರಿಯಾಗಿ ಆ ಕೇಂದ್ರದಲ್ಲೇ ಇರಬೇಕು. ಕೇಂದ್ರದಲ್ಲಿರುವ ಪರಮಾಣು ಪ್ರತಿ ಅಲೆಗೂ ಪ್ಲಸ್ ಪಾಲನ್ನೇ ಕೊಡುತ್ತದೆ. ಆ ಪಾಲು ಎಷ್ಟು ಎನ್ನುವುದು ಪರಮಾಣುವಿನ ಎಲೆಕ್ಟ್ರಾನುಗಳ ಸಂಖ್ಯೆಯಿಂದ ಗೊತ್ತು: ನಿಕ್ಕಲ್‌ಗೆ 28.

ಒಂದು ಚುಕ್ಕೆಯ ಲೆಕ್ಕ ಮಾಡಿ ನೋಡೋಣ. ಲೋಹವಿಲ್ಲದ ಹರಳಿನಲ್ಲಿ ಒಂದು ಅಲೆಯ ಎತ್ತರ 20 ಎಂದುಕೊಳ್ಳಿ, ಚಿಹ್ನೆ ಗೊತ್ತಿಲ್ಲ. ಅದು ಪ್ಲಸ್ ಆಗಿದ್ದರೆ ನಿಕ್ಕಲ್ ಸೇರಿದಾಗ 20ಕ್ಕೆ 28 ಕೂಡಿ 48 ಆಗಬೇಕು. ಮೈನಸ್ ಆಗಿದ್ದರೆ 28ರಲ್ಲಿ 20 ಕಳೆದು 8 ಉಳಿಯಬೇಕು. ಅದೇ ಚುಕ್ಕೆಯನ್ನು ನಿಕ್ಕಲ್ ಹರಳಿನ ಫಿಲ್ಮಿನಲ್ಲಿ ಹುಡುಕಿ ಅಳೆದರೆ ಆಯಿತು, ಚಿಹ್ನೆ ಸಿಕ್ಕಿತು. ಇಲ್ಲೊಂದು ಎಡವುಗಲ್ಲೂ ಇದೆ. ಲೋಹವಿಲ್ಲದಾಗ ಎತ್ತರ ಬರೀ 10 ಇದ್ದರೆ ನಿಕ್ಕಲ್ ಸೇರಿದ ಮೇಲೆ 38 ಆಗಬಹುದು ಅಥವಾ 18 ಆಗಬಹುದು, ಎರಡರಲ್ಲೂ ಚುಕ್ಕೆ ಕಪ್ಪಾಗುತ್ತದೆ. ಚುಕ್ಕೆ ಹೆಚ್ಚು ಕಪ್ಪಾಯಿತು, ಆದ್ದರಿಂದ ಪ್ಲಸ್ ಎಂದು ಕಣ್ಣಂದಾಜಿನಲ್ಲಿ ತೀರ್ಮಾನಿಸಿದವರು ಮೋಸ ಹೋಗುತ್ತಾರೆ. ಎರಡೂ ಹರಳುಗಳ ಅಳತೆಗಳು ಒಂದೇ ಮಾನಕ್ಕೆ ಬಂದಿರಬೇಕು. ಜೊತೆಗೆ 28 ಎನ್ನುವುದು ಕಿರಣ ಹೆಚ್ಚು ಬಾಗದೆ ಬಂದ ಚುಕ್ಕೆಗಳಿಗೆ ಮಾತ್ರ, ಹೊರಹೊರಗಿನ ಚುಕ್ಕೆಗಳಿಗೆ ಅದು ಇಳಿಯುತ್ತಾ ಹೋಗುತ್ತದೆ. ರಾಬರ್ಟ್‌ಸನ್ ಇದೆಲ್ಲವನ್ನೂ ಲೆಕ್ಕಕ್ಕೆ ತಂದು ಚಿಹ್ನೆಗಳನ್ನು ಗುರುತಿಸಿ, 1936ರಲ್ಲಿ ಒಂದು ದಿಕ್ಕಿನಿಂದ ನೋಡಿದ ಅಣುವಿನ ನಕ್ಷೆಯನ್ನು ಪ್ರಕಟಿಸಿದರು. ಲಿನ್‌ಸ್ಟೆಡ್ ಊಹಿಸಿದ ಉಂಗುರ ಹಾಗೆಯೇ ಅಲ್ಲಿತ್ತು. ಲೆಕ್ಕದಲ್ಲಿ ಆ ಊಹೆಯನ್ನು ಎಲ್ಲಿಯೂ ಬಳಸಿರಲಿಲ್ಲ ಎನ್ನುವುದು ಆ ನಕ್ಷೆಯ ಹೆಚ್ಚುಗಾರಿಕೆ.

ನಾಲ್ಕು ವರ್ಷಗಳ ನಂತರ, 1940ರಲ್ಲಿ, ಅವರೂ ವುಡ್‌ವರ್ಡ್ ಎಂಬ ಸಹೋದ್ಯೋಗಿಯೂ ಪ್ಲಾಟಿನಂ ಇರುವ ಥ್ಯಾಲೋಸಯನೀನನ್ನು ಕೈಗೆತ್ತಿಕೊಂಡರು. ಈ ಸಲ ಹೋಲಿಕೆಗೆ ಎರಡನೆಯ ಹರಳೇ ಬೇಕಾಗಲಿಲ್ಲ. ಪ್ಲಾಟಿನಂನಲ್ಲಿ 78 ಎಲೆಕ್ಟ್ರಾನುಗಳಿವೆ, ಅದೂ ಕೇಂದ್ರದಲ್ಲಿದೆ. ಉಳಿದ 32 ಇಂಗಾಲ, 8 ಸಾರಜನಕ, 16 ಹೈಡ್ರೋಜನ್‌ಗಳ ಪಾಲು ಒಂದೊಂದು ಅಲೆಯಲ್ಲಿ ಒಂದೊಂದು ರೀತಿ, ಕೆಲವು ಕೂಡುತ್ತವೆ, ಕೆಲವು ಪರಸ್ಪರ ಕಳೆಯುತ್ತವೆ. ಎಲೆಕ್ಟ್ರಾನು ಸಂಖ್ಯೆಗಳ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ ಅವೆಲ್ಲದರ ಒಟ್ಟು ಪಾಲು ಸಾಮಾನ್ಯವಾಗಿ ಎಷ್ಟಿರುತ್ತದೆಂದು ಅಂದಾಜಾಗುತ್ತದೆ. ಇಲ್ಲಿ ಅದು ಸುಮಾರು 40. ಜಾತ್ರೆಯಲ್ಲಿ ಡೊಳ್ಳು ಬಾರಿಸುವಾಗ ಸುತ್ತ ಜನರ ಮಾತು ಎಷ್ಟಿದ್ದರೂ ದೂರದವರಿಗೆ ಕೇಳುವುದು ಡೊಳ್ಳಿನ ಪೆಟ್ಟೇ. ಪ್ಲಾಟಿನಂನ ಪ್ಲಸ್ 78 ಅನ್ನು ಮಗುಚಿ ಒಟ್ಟು ಮೊತ್ತವನ್ನು ಮೈನಸ್ ಮಾಡಬೇಕಾದರೆ ಉಳಿದವರು ತಮ್ಮ ವಾಡಿಕೆಯ ಎರಡರಷ್ಟು ಬಲದಿಂದ ಎದುರು ನಿಲ್ಲಬೇಕು. ಅದು ನೂರರಲ್ಲಿ ಎರಡು ಮೂರು ಅಲೆಗಳಲ್ಲಿ ಆದೀತು. ಆದ್ದರಿಂದ ಎಲ್ಲಾ ಚಿಹ್ನೆಗಳೂ ಪ್ಲಸ್ ಎಂದು ಬರೆದುಕೊಂಡು ಅಲೆಗಳನ್ನು ಕೂಡಿಸಿದರೆ ಸಾಕು, ನಕ್ಷೆಯಲ್ಲಿ ಅಣು ಎದ್ದು ಬರುತ್ತದೆ. ನಿಕ್ಕಲ್ ಒಂದನ್ನೇ ನಂಬಿ ಹೀಗೆ ಮಾಡಿದ್ದರೆ ಇದೇ ಅಂದಾಜಿನ ಪ್ರಕಾರ ಸುಮಾರು ಕಾಲು ಭಾಗದಷ್ಟು ಚಿಹ್ನೆಗಳು ತಪ್ಪಾಗುತ್ತಿದ್ದವು.

ಭಾರ ಪರಮಾಣು ಹೀಗೆ ಕೇಂದ್ರದಲ್ಲೇ ಕುಳಿತಿರುವುದು ಅಪರೂಪ. ಬೇರೆ ಹರಳುಗಳಲ್ಲಿ ಅದು ಎಲ್ಲಿದೆ ಎಂದು ಮೊದಲು ಹುಡುಕಬೇಕು. ಅದಕ್ಕೆ ಆರ್ಥರ್ ಪ್ಯಾಟರ್‌ಸನ್ 1934ರಲ್ಲಿ ಕಂಡುಹಿಡಿದ ನಕ್ಷೆ ನೆರವಾಗುತ್ತದೆ. ಅದಕ್ಕೆ ಫೇಸ್ ಬೇಕಿಲ್ಲ, ಅಳೆದ ತೀವ್ರತೆಗಳಷ್ಟೇ ಸಾಕು. ಆದರೆ ಅದು ಪರಮಾಣುಗಳನ್ನು ತೋರಿಸುವುದಿಲ್ಲ, ಯಾವುದೇ ಎರಡು ಪರಮಾಣುಗಳ ನಡುವಿನ ದೂರ ಮತ್ತು ದಿಕ್ಕನ್ನು ತೋರಿಸುತ್ತದೆ. ಅಣು ದೊಡ್ಡದಾದಂತೆ ಈ ಜೋಡಿಗಳು ಒಂದರ ಮೇಲೊಂದು ಬಿದ್ದು ಗೋಜಲಾಗುತ್ತವೆ. ಒಂದೊಂದು ಜೋಡಿಯ ಗುರುತು ಎರಡು ಪರಮಾಣುಗಳ ಎಲೆಕ್ಟ್ರಾನು ಸಂಖ್ಯೆಗಳ ಗುಣಲಬ್ಧದಷ್ಟು ಎತ್ತರವಿರುತ್ತದೆ ಎನ್ನುವುದೇ ಇಲ್ಲಿ ಕೈಹಿಡಿಯುವ ಸಂಗತಿ. ಎರಡು ಇಂಗಾಲಗಳಿಗೆ 36, ಎರಡು ಬ್ರೋಮಿನ್‌ಗಳಿಗೆ 1225. ಗೋಜಲಿನ ನಡುವೆಯೂ ಬ್ರೋಮಿನ್‌ಗಳ ಗುರುತು ತಲೆ ಎತ್ತಿ ನಿಲ್ಲುತ್ತದೆ. ಅದರಿಂದ ಅವುಗಳ ನೆಲೆ, ನೆಲೆಯಿಂದ ಮೊದಲ ಅಂದಾಜಿನ ಫೇಸುಗಳು, ಅವುಗಳಿಂದ ಮೊದಲ ನಕ್ಷೆ. ಆ ನಕ್ಷೆಯಲ್ಲಿ ಹೊಸದಾಗಿ ಕಂಡ ಕೆಲವು ಪರಮಾಣುಗಳನ್ನು ಸೇರಿಸಿ ಮತ್ತೆ ಫೇಸ್ ಲೆಕ್ಕ ಹಾಕಿದರೆ ಮುಂದಿನ ನಕ್ಷೆ ಇನ್ನಷ್ಟು ತಿಳಿಯಾಗುತ್ತದೆ.

ಭಾರ ಹೆಚ್ಚಿದಷ್ಟೂ ಒಳ್ಳೆಯದು ಎಂದಲ್ಲ. ಪ್ಲಾಟಿನಂನ 78ರ ಎದುರು ಒಂದು ಇಂಗಾಲದ ಪಾಲು ಬರೀ 6. ಅದರ ಜಾಗ ಸ್ವಲ್ಪ ಸರಿದರೆ ತೀವ್ರತೆಯಲ್ಲಿ ಆಗುವ ವ್ಯತ್ಯಾಸ ಅಳತೆಯ ದೋಷದಲ್ಲೇ ಮುಳುಗಿಹೋಗುತ್ತದೆ. ಭಾರ ಪರಮಾಣುವಿನ ಸುತ್ತ ನಕ್ಷೆಯಲ್ಲಿ ಸುಳ್ಳು ಉಂಗುರಗಳೂ ಏಳುತ್ತವೆ. ಹಾಗೆಂದು ತೀರಾ ಹಗುರವಾದರೆ ಅದರ ಮಾತು ನಡೆಯುವುದಿಲ್ಲ. ಭಾರ ಪರಮಾಣುವಿನ ವರ್ಗ, ಉಳಿದವುಗಳ ವರ್ಗಗಳ ಮೊತ್ತಕ್ಕೆ ಹೆಚ್ಚುಕಡಿಮೆ ಸಮವಿದ್ದರೆ ಹದ ಎಂಬುದು ರೂಢಿಯ ಸೂತ್ರ. ಡೊರೊತಿ ಹಾಡ್ಜ್‌ಕಿನ್ 1950ರ ದಶಕದಲ್ಲಿ ವಿಟಮಿನ್ ಬಿ12 ಬಿಡಿಸಿದಾಗ ಅವರಿಗಿದ್ದ ಆಧಾರ ಮುಖ್ಯವಾಗಿ 27 ಎಲೆಕ್ಟ್ರಾನುಗಳ ಒಂದು ಕೋಬಾಲ್ಟ್. ಉಳಿದ ಪರಮಾಣುಗಳ ವಾಡಿಕೆಯ ಪಾಲು 60ಕ್ಕೂ ಮೇಲೆ. ಇಷ್ಟು ದುರ್ಬಲ ಆಧಾರದಿಂದ ಹೊರಟು ಅವರು ಗುರಿ ಮುಟ್ಟಿದ್ದು ನಕ್ಷೆಯ ಮೇಲೆ ನಕ್ಷೆ ತೆಗೆದು, ಯಾವುದು ನಿಜವಾದ ಪರಮಾಣು ಯಾವುದು ಭ್ರಮೆ ಎಂದು ವರ್ಷಗಟ್ಟಲೆ ಸೋಸಿದ್ದರಿಂದ.

ಭಾರ ಪರಮಾಣು ಇಲ್ಲವೇ ಇಲ್ಲದ ಹರಳಿಗೆ ಏನು ದಾರಿ? ಈ ಪ್ರಶ್ನೆಗೆ ಉತ್ತರವಾಗಿ ಬಂದದ್ದು ನೇರ ವಿಧಾನಗಳು, ಪ್ರಯೋಗಾಲಯದ ಮಾತಿನಲ್ಲಿ ಡೈರೆಕ್ಟ್ ಮೆಥಡ್ಸ್. ಅವುಗಳ ಬೇರು ಒಂದು ಸರಳ ಸತ್ಯದಲ್ಲಿದೆ. ಎಲೆಕ್ಟ್ರಾನುಗಳು ಒಂದು ಜಾಗದಲ್ಲಿ ಇರಬಹುದು ಅಥವಾ ಇಲ್ಲದಿರಬಹುದು, ಸೊನ್ನೆಗಿಂತ ಕಡಿಮೆ ಇರಲು ಸಾಧ್ಯವಿಲ್ಲ. ಇರುವ ಎಲೆಕ್ಟ್ರಾನುಗಳೂ ಕೆಲವೇ ಕಡೆ ಗುಡ್ಡೆಯಾಗಿರುತ್ತವೆ. ಚಿಹ್ನೆಗಳನ್ನು ಮನಬಂದಂತೆ ಹಾಕಿದರೆ ನಕ್ಷೆಯಲ್ಲಿ ಆಳವಾದ ಗುಂಡಿಗಳು ಬೀಳುತ್ತವೆ, ಅಂಥ ಚಿಹ್ನೆಗಳು ತಪ್ಪೆಂದು ಅಲ್ಲೇ ಗೊತ್ತಾಗುತ್ತದೆ.

ಒಂದೇ ದಿಕ್ಕಿನ ಪುಟ್ಟ ಕೋಶವನ್ನು ತೆಗೆದುಕೊಂಡು ಇದನ್ನು ಕೈಲೆಕ್ಕದಲ್ಲೇ ನೋಡಬಹುದು. ಕೋಶದ ಉದ್ದ 1, ಸಮ್ಮಿತಿ ಕೇಂದ್ರ 0ಯಲ್ಲಿ. ಮೂರು ಅಲೆಗಳು ಬಲವಾಗಿವೆ: ಕೋಶದಲ್ಲಿ 2 ಸಲ, 3 ಸಲ ಮತ್ತು 5 ಸಲ ಏರಿಳಿಯುವಂಥವು. ಮೂರರ ಎತ್ತರವೂ 1. ಎರಡರ ಅಲೆ ಮೈನಸ್, ಮೂರರ ಅಲೆ ಪ್ಲಸ್ ಎಂದು ಹೇಗೋ ಗೊತ್ತಾಗಿದೆ ಎಂದುಕೊಳ್ಳಿ. ಎರಡರ ಅಲೆಯ ಶಿಖರಗಳು ಆಗ 0.25 ಮತ್ತು 0.75ರಲ್ಲಿ, ಮೂರರ ಅಲೆಯ ಶಿಖರಗಳು 0, 0.33 ಮತ್ತು 0.67ರಲ್ಲಿ. ಎರಡೂ ಸೇರಿ ಎತ್ತರವಾಗುವ ಜಾಗ 0.7ರ ಹತ್ತಿರ, ಅದರ ಪ್ರತಿಬಿಂಬ 0.3ರ ಹತ್ತಿರ. ಪರಮಾಣು ಇದ್ದರೆ ಅಲ್ಲೇ ಇರಬೇಕು. ಐದರ ಅಲೆಯೂ ಬಲವಾಗಿರುವುದರಿಂದ ಅದರ ಶಿಖರವೂ ಅಲ್ಲಿಗೇ ಬರಬೇಕು. ಐದರ ಅಲೆ ಮೈನಸ್ ಆದಾಗ ಅದರ ಶಿಖರಗಳು 0.1, 0.3, 0.5, 0.7, 0.9ರಲ್ಲಿ ನಿಲ್ಲುತ್ತವೆ, ಬೇಕಾದ ಎರಡೂ ಜಾಗ ಅದರಲ್ಲಿವೆ. ಮೂರನ್ನೂ ಕೂಡಿಸಿದರೆ 0.3 ಮತ್ತು 0.7ರಲ್ಲಿ 2.6ರಷ್ಟು ಎತ್ತರದ ಎರಡು ಗುಡ್ಡೆಗಳು, ಉಳಿದ ಕಡೆ ಅತಿ ಆಳ ಸುಮಾರು ಮೈನಸ್ 1.5. ಐದರ ಅಲೆಗೆ ಪ್ಲಸ್ ಹಾಕಿದರೆ ಎಲ್ಲವೂ ತಲೆಕೆಳಗು: ಅತಿ ಎತ್ತರ 1.4ಕ್ಕೆ ಇಳಿಯುತ್ತದೆ, 0.5ರಲ್ಲಿ ಮೈನಸ್ 3ರ ಗುಂಡಿ ಬೀಳುತ್ತದೆ.

ಬೇರೆ ಚಿಹ್ನೆಗಳನ್ನು ಹಾಕಿ ನೋಡಿದರೂ ನಿಯಮ ಒಂದೇ. ಎರಡು ಅಲೆಗಳ ಸಂಖ್ಯೆಗಳನ್ನು ಕೂಡಿಸಿದರೆ ಮೂರನೆಯದು ಬರುವಂತಿದ್ದು ಮೂರೂ ಬಲವಾಗಿದ್ದರೆ, ಮೂರರ ಚಿಹ್ನೆಗಳ ಗುಣಲಬ್ಧ ಪ್ಲಸ್ ಆಗುವುದೇ ಹೆಚ್ಚು ಸಂಭವ. 1952ರಲ್ಲಿ ಡೇವಿಡ್ ಸೇಯರ್, ವಿಲಿಯಂ ಕಾಕ್ರನ್ ಮತ್ತು ಜಕರಿಯಾಸೆನ್ ಬೇರೆ ಬೇರೆಯಾಗಿ ಈ ತ್ರಿವಳಿ ಸಂಬಂಧವನ್ನು ಮುಂದಿಟ್ಟರು. ಅಮೆರಿಕದ ನೇವಲ್ ರಿಸರ್ಚ್ ಲ್ಯಾಬೊರೇಟರಿಯ ಹರ್ಬರ್ಟ್ ಹಾಪ್ಟ್‌ಮನ್ ಮತ್ತು ಜೆರೋಮ್ ಕಾರ್ಲ್ ಅದಕ್ಕೆ ಸಂಭವನೀಯತೆಯ ಗಣಿತದ ಭದ್ರ ತಳಹದಿ ಹಾಕಿದರು, 1985ರ ರಸಾಯನ ವಿಜ್ಞಾನದ ನೊಬೆಲ್ ಅವರಿಗೆ ಬಂತು. ಗಣಿತವನ್ನು ನಿಜವಾದ ಹರಳುಗಳ ಮೇಲೆ ನಡೆಯುವ ಕೆಲಸವಾಗಿ ಮಾಡಿದವರು ಜೆರೋಮ್ ಅವರ ಪತ್ನಿ ಇಸಾಬೆಲ್ಲಾ ಕಾರ್ಲ್. ಅವರ ಕ್ರಮ ಹೀಗೆ: ಅತಿ ಬಲವಾದ ಕೆಲವು ಅಲೆಗಳಿಗೆ ಗೊತ್ತಿಲ್ಲದ ಚಿಹ್ನೆಯ ಬದಲು ಅಕ್ಷರ ಕೊಡುವುದು, ತ್ರಿವಳಿಗಳನ್ನು ಹಿಡಿದು ಆ ಅಕ್ಷರಗಳ ಮೂಲಕ ಇತರ ನೂರಾರು ಅಲೆಗಳ ಚಿಹ್ನೆ ಬರೆಯುತ್ತಾ ಹೋಗುವುದು. ನಾಲ್ಕು ಅಕ್ಷರ ಉಳಿದರೆ ಪರೀಕ್ಷಿಸಬೇಕಾದ ನಕ್ಷೆಗಳು ಹದಿನಾರೇ. ಇಸಾಬೆಲ್ಲಾ ನಂತರದ ದಶಕಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ಬಲರಾಂ ಅವರ ತಂಡ ತಯಾರಿಸಿದ ಅನೇಕ ಪೆಪ್ಟೈಡ್ ಹರಳುಗಳ ರಚನೆಯನ್ನೂ ಬಿಡಿಸಿಕೊಟ್ಟರು.

ಈ ವಿಧಾನದ ಮಿತಿಯೂ ಅದರ ಗಣಿತದಲ್ಲೇ ಇದೆ. ಮೂರು ಅಲೆಗಳೂ ವಾಡಿಕೆಯ ಎರಡೂವರೆ ಪಟ್ಟು ಬಲವಾಗಿವೆ ಎನ್ನಿ. ಲೋಹವಿಲ್ಲದ ಥ್ಯಾಲೋಸಯನೀನ್ ಕೋಶದಲ್ಲಿ ಹೈಡ್ರೋಜನ್ ಬಿಟ್ಟು 80 ಪರಮಾಣುಗಳಿವೆ, ಅಲ್ಲಿ ತ್ರಿವಳಿಯ ಮಾತು ನಿಜವಾಗುವ ಸಂಭವ ಸುಮಾರು 97 ಶೇಕಡಾ. ಅದೇ ಬಲದ ಅಲೆಗಳಿಗೆ ಕೋಶದಲ್ಲಿ 2,500 ಪರಮಾಣುಗಳಿದ್ದರೆ ಸಂಭವ 65ಕ್ಕೆ, 10,000 ಇದ್ದರೆ 58ಕ್ಕೆ ಇಳಿಯುತ್ತದೆ. 50 ಎಂದರೆ ನಾಣ್ಯ ಚಿಮ್ಮಿದ ಹಾಗೆ. ಹಾಗಾಗಿ ಔಷಧಿಯ ಅಣುವಿಗೆ ಚೆನ್ನಾಗಿ ನಡೆಯುವ ಉಪಾಯ ಸಾಮಾನ್ಯ ಪ್ರೋಟೀನಿಗೆ ಒಗ್ಗುವುದಿಲ್ಲ. ಜೊತೆಗೆ ಪರಮಾಣುಗಳು ಬಿಡಿಬಿಡಿ ಗುಡ್ಡೆಗಳಾಗಿ ಕಾಣುವಷ್ಟು ಸೂಕ್ಷ್ಮ ಅಳತೆಯೂ ಬೇಕು, ಹೊರಗಿನ ಚುಕ್ಕೆಗಳು ಸುಮಾರು 1.2 ಆಂಗ್‌ಸ್ಟ್ರಾಮ್‌ವರೆಗೆ ಸಿಗದಿದ್ದರೆ ವಿಧಾನ ತಡವರಿಸುತ್ತದೆ. ಪ್ರೋಟೀನಿನಲ್ಲಿ ಎರಡು ದಾರಿಗಳನ್ನೂ ಕೂಡಿಸುವುದುಂಟು. ಗಂಧಕದ ಜಾಗದಲ್ಲಿ ಸೆಲೆನಿಯಂ ಸೇರಿಸಿ, ಆ ಕೆಲವೇ ಸೆಲೆನಿಯಂಗಳ ನೆಲೆಯನ್ನು ನೇರ ವಿಧಾನದಿಂದ ಹುಡುಕಿ, ಅವುಗಳಿಂದ ಇಡೀ ಪ್ರೋಟೀನಿನ ಫೇಸ್‌ಗೆ ಹೋಗುತ್ತಾರೆ.

ಮೋಸದ ಉತ್ತರವೂ ಬರಬಹುದು. ಎಲ್ಲಾ ಚಿಹ್ನೆಗಳೂ ಪ್ಲಸ್ ಆದರೆ ತ್ರಿವಳಿ ನಿಯಮ ಒಂದು ಕಡೆಯೂ ತಪ್ಪುವುದಿಲ್ಲ. ಆದರೆ ಆಗ ಎಲ್ಲ ಶಿಖರಗಳೂ ಕೇಂದ್ರದಲ್ಲೇ ಸೇರಿ, ಅಲ್ಲೊಂದೇ ದೈತ್ಯ ಪರಮಾಣು ಕುಳಿತ ನಕ್ಷೆ ಬರುತ್ತದೆ. ಹರಳು ವಿಜ್ಞಾನಿಗಳು ಇದನ್ನು ತಮಾಷೆಗೆ ಯುರೇನಿಯಂ ಉತ್ತರ ಎನ್ನುತ್ತಾರೆ. ಪ್ಲಾಟಿನಂ ಥ್ಯಾಲೋಸಯನೀನಿನಲ್ಲಿ ಎಲ್ಲವೂ ಪ್ಲಸ್ ಎಂದದ್ದು ಸರಿಯಾಯಿತು, ಏಕೆಂದರೆ ಅಲ್ಲಿ ನಿಜಕ್ಕೂ ದೈತ್ಯ ಪರಮಾಣು ಇತ್ತು. ಬರೀ ಇಂಗಾಲ, ಆಮ್ಲಜನಕಗಳ ಹರಳಿನಲ್ಲಿ ಅದೇ ಉತ್ತರ ಬಂದರೆ ಕಸದ ಬುಟ್ಟಿಗೆ ಹೋಗಬೇಕು.

ಸರಿಯಾದ ಉತ್ತರ ಎಂದು ತಿಳಿಯುವುದು ಹೇಗೆ? ಕಂಡ ಪರಮಾಣುಗಳಿಂದ ಚುಕ್ಕೆಗಳು ಎಷ್ಟು ಬಲವಾಗಿರಬೇಕೆಂದು ಲೆಕ್ಕ ಹಾಕಿ, ಅಳೆದ ಎತ್ತರಗಳೊಡನೆ ಇರುವ ಸರಾಸರಿ ವ್ಯತ್ಯಾಸ ನೋಡುತ್ತಾರೆ. ಅದಕ್ಕೆ ಆರ್ ಮೌಲ್ಯ ಎಂದು ಹೆಸರು. ಸಮ್ಮಿತಿ ಕೇಂದ್ರವಿರುವ ಹರಳಿನಲ್ಲಿ ಪರಮಾಣುಗಳನ್ನು ಸುಮ್ಮನೆ ಎಲ್ಲೆಂದರಲ್ಲಿ ಚೆಲ್ಲಿದರೆ ಆ ವ್ಯತ್ಯಾಸ 83 ಶೇಕಡಾ, ಒಳ್ಳೆಯ ಸಣ್ಣ ಅಣುವಿನ ರಚನೆಯಲ್ಲಿ 3ರಿಂದ 5 ಶೇಕಡಾ. ಇಂಗಾಲಗಳ ನಡುವಿನ ದೂರ ರಸಾಯನಶಾಸ್ತ್ರ ಒಪ್ಪುವಷ್ಟಿರಬೇಕು, ಲೆಕ್ಕಕ್ಕೆ ಸಿಗದ ಎಲೆಕ್ಟ್ರಾನಿನ ಗುಡ್ಡೆ ನಕ್ಷೆಯಲ್ಲಿ ಉಳಿದಿರಬಾರದು.

ಇಂದು ಸಣ್ಣ ಅಣುವಿನ ಒಳ್ಳೆಯ ಹರಳು ಸಿಕ್ಕರೆ SHELXT ಎಂಬ ಪ್ರೋಗ್ರಾಂ ಫೇಸುಗಳನ್ನು ಸೆಕೆಂಡುಗಳಲ್ಲಿ ಹುಡುಕಿಕೊಡುತ್ತದೆ, ರಾಬರ್ಟ್‌ಸನ್ ಅವರ ನೀಲಿ ಬಣ್ಣಕ್ಕೆ ಎರಡನೆಯ ಹರಳೂ ಬೇಕಾಗುವುದಿಲ್ಲ. ಆದರೂ ಈ ದಾರಿಗಳಲ್ಲಿ ಫೇಸನ್ನು ನೇರವಾಗಿ ಅಳೆದವರಿಲ್ಲ. ಇಂಥ ರಚನೆಗಳಲ್ಲಿ ಅಳತೆಯಿಂದ ಬಂದದ್ದು ಎತ್ತರ ಮಾತ್ರ, ಫೇಸ್ ಕೊನೆಗೆ ಬರುವುದು ಜೋಡಿಸಿದ ಪರಮಾಣುಗಳಿಂದಲೇ. ಆದ್ದರಿಂದ ಹೊಸ ಅಣುವಿನ ಚೆಂದದ ಚಿತ್ರ ಕಂಡಾಗ ಅದರ ಕೆಳಗಿನ ಆರ್ ಮೌಲ್ಯವನ್ನೂ ಓದಿ. ಚಿತ್ರವನ್ನು ಎಷ್ಟು ನಂಬಬಹುದೆಂದು ಹೇಳುವ ಮೊದಲ ಅಂಕಿ ಅದು.